ಸಮಪಾಲಿನ ಪತ್ರವನ್ನು ತಿದ್ದಿ ಬರೆಸಿದ ಒಂಬತ್ತು ತಿಂಗಳು

ಅರಸೀಕೆರೆಯಲ್ಲಿ ನಾವು ಮೂವರು ಸೇರಿ 2016ರಲ್ಲಿ ಪಂಪ್‌ಸೆಟ್ ಮತ್ತು ಪಿವಿಸಿ ಪೈಪುಗಳ ಅಂಗಡಿ ತೆರೆದೆವು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿರುವ ನನ್ನ ಭಾವ 20 ಲಕ್ಷ ರೂಪಾಯಿ ಹಾಕಿದರು, ನಾನು 10 ಲಕ್ಷ ಹಾಕಿದೆ, ಚಿಕ್ಕಪ್ಪನ ಮಗ 5 ಲಕ್ಷ ಹಾಕಿದ. ಬೆಳಿಗ್ಗೆ ಬಾಗಿಲು ತೆಗೆಯುವುದರಿಂದ ರಾತ್ರಿ ಗಲ್ಲಾ ಎಣಿಸುವವರೆಗೆ ಅಂಗಡಿಯಲ್ಲಿ ಇರುವವನು ತಮ್ಮ. ನಾನು ತೋಟದ ಕೆಲಸ ಮುಗಿಸಿ ಮಧ್ಯಾಹ್ನದ ಮೇಲೆ ಹೋಗಿ ಖರೀದಿ ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ಭಾವ ಹಬ್ಬಕ್ಕೆ ಬಂದಾಗ ಒಮ್ಮೆ ಕುಳಿತು ಹೋಗುತ್ತಾರೆ. ಆಗ ಬರೆಸಿದ ಪಾಲುದಾರಿಕೆ ಪತ್ರ ಎರಡು ಪುಟದ್ದು. ಲಾಭ ನಷ್ಟಗಳನ್ನು ಮೂವರೂ ಸಮನಾಗಿ ಹಂಚಿಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ಬಂಡವಾಳಕ್ಕೆ ಬಡ್ಡಿ, ಪಾಲುದಾರರ ಸಂಬಳ ಇವುಗಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅದನ್ನು ತಿದ್ದಿ ಹೊಸ ಪತ್ರ ಜಾರಿಗೆ ತರಲು ನಮಗೆ ಒಂಬತ್ತು ತಿಂಗಳು ಹಿಡಿಯಿತು. ಇಂಥದೇ ಹಳೆಯ ಪತ್ರವನ್ನು ಬೀರುವಿನಲ್ಲಿ ಇಟ್ಟುಕೊಂಡಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಎಲ್ಲವೂ ಶುರುವಾದದ್ದು 2024ರ ಜುಲೈ ತಿಂಗಳಲ್ಲಿ. ಅದುವರೆಗೆ ನಮ್ಮ ರಿಟರ್ನ್ ತುಂಬಿಕೊಡುತ್ತಿದ್ದವರು ಊರು ಬಿಟ್ಟದ್ದರಿಂದ ಹಾಸನದ ಆಡಿಟರ್ ಒಬ್ಬರ ಬಳಿ ಹೋದೆವು. ಅವರು ಲೆಕ್ಕದ ಪುಸ್ತಕಕ್ಕಿಂತ ಮೊದಲು ಪಾಲುದಾರಿಕೆ ಪತ್ರ ಕೇಳಿದರು. ಓದಿ ಮುಗಿಸಿ, "ಖರ್ಚಿನಲ್ಲಿ ಪಾಲುದಾರರ ಸಂಬಳ ಎಂದು 3 ಲಕ್ಷ ಬರೆದಿದ್ದೀರಿ. ಅದಕ್ಕೆ ಪತ್ರದಲ್ಲಿ ಆಧಾರ ಎಲ್ಲಿದೆ?" ಎಂದರು. ತಮ್ಮ ತಿಂಗಳಿಗೆ 25,000 ರೂಪಾಯಿಯಂತೆ ತೆಗೆದುಕೊಳ್ಳುತ್ತಿದ್ದುದು ನಮಗೆ ಗೊತ್ತಿದ್ದದ್ದೇ. ಆದರೆ ಅದನ್ನು ಯಾರೂ ಬರವಣಿಗೆಯಲ್ಲಿ ಇಟ್ಟಿರಲಿಲ್ಲ. ಹಿಂದಿನವರು ಪ್ರತಿ ವರ್ಷ ಅದನ್ನು ಖರ್ಚಿಗೆ ಹಾಕುತ್ತಾ ಬಂದಿದ್ದರು.

ಆಡಿಟರ್ ಹೇಳಿದ್ದು ಹೀಗೆ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡಿಯುವ ಪಾಲುದಾರನಿಗೂ ಸಂಬಳದ ಹಕ್ಕಿಲ್ಲ ಮತ್ತು ಲಾಭ ಎಲ್ಲರಿಗೂ ಸಮ. ಒಪ್ಪಂದ ಬಾಯಿಮಾತಿನದೂ ಆಗಿರಬಹುದು, ನಡೆದುಕೊಂಡು ಬಂದ ರೀತಿಯಿಂದಲೂ ಒಪ್ಪಂದ ಇತ್ತೆಂದು ಹೇಳಬಹುದು. ಆದರೆ ಆದಾಯ ತೆರಿಗೆಯ 40(ಬಿ) ಕಲಮಿಗೆ ಅದು ಸಾಲದು. ಸಂಬಳವಾಗಲಿ ಬಡ್ಡಿಯಾಗಲಿ ಪಾಲುದಾರಿಕೆ ಪತ್ರದಲ್ಲೇ ಬರೆದಿದ್ದರೆ ಮಾತ್ರ ಸಂಸ್ಥೆಯ ಆದಾಯದಿಂದ ಕಳೆಯಲು ಬರುತ್ತದೆ. ಹೀಗಾಗಿ ನಾವು 12 ಲಕ್ಷ ಲಾಭ ಎಂದು ತಂದಿದ್ದ ಲೆಕ್ಕಕ್ಕೆ ಅವರು 3 ಲಕ್ಷ ಮರಳಿ ಸೇರಿಸಿ 15 ಲಕ್ಷ ಮಾಡಿದರು. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ನೇರವಾಗಿ ಶೇ. 30, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ನಾವು 3,74,400 ರೂಪಾಯಿ ತೆರಿಗೆ ಎಂದುಕೊಂಡಿದ್ದೆವು. ಅದು 4,68,000 ಆಯಿತು. ಹೆಚ್ಚಿನ 93,600 ರೂಪಾಯಿಯನ್ನು, ಅದರ ಮೇಲಿನ ಬಡ್ಡಿಯನ್ನು ಒಂದೇ ವಾರದಲ್ಲಿ ಹೊಂದಿಸಬೇಕಾಯಿತು.

ತೆರಿಗೆಗಿಂತ ದೊಡ್ಡ ಪೆಟ್ಟು ಬಿದ್ದದ್ದು ತಮ್ಮನಿಗೆ. ಪತ್ರದಲ್ಲಿ ಇರುವಂತೆಯೇ ಹಂಚಿದರೆ ತೆರಿಗೆ ಕಳೆದು ಉಳಿದ 10,32,000 ರೂಪಾಯಿಯಲ್ಲಿ ಮೂವರಿಗೂ 3,44,000. ಅವನು ಈಗಾಗಲೇ ತೆಗೆದುಕೊಂಡಿದ್ದ 3 ಲಕ್ಷ ಸಂಬಳವಲ್ಲ, ಪಾಲಿನ ಮುಂಗಡ ಎಂದಾಗುತ್ತದೆ, ಅಂದರೆ ಲೆಕ್ಕದ ಭಾಷೆಯಲ್ಲಿ ಡ್ರಾಯಿಂಗ್ಸ್. ಅವನಿಗೆ ಇನ್ನು ಬರಬೇಕಾದದ್ದು 44,000 ಮಾತ್ರ. ಸಂಬಳವೂ ಪಾಲೂ ಸೇರಿ 5,75,200 ಬರುತ್ತದೆಂದು ಅವನು ನಂಬಿದ್ದ. ಹಾಸನದಿಂದ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಅಂಗಡಿಯ ಬಾಗಿಲಲ್ಲಿ ಇಳಿಯುವಾಗ, "ಅಣ್ಣಾ, ಎಂಟು ವರ್ಷ ನಾನು ಇಲ್ಲಿ ನಿಂತದ್ದಕ್ಕೆ ಬೆಲೆ ಇಲ್ಲ ಅಂತಾಯ್ತಲ್ಲ" ಎಂದ. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಬೇರೆಯಾಗಿ ತಿಳಿದುಕೊಳ್ಳಬೇಕು. ತೆರಿಗೆ ಇಲಾಖೆ ಒಪ್ಪದ ಮಾತ್ರಕ್ಕೆ ಪಾಲುದಾರರು ತಮ್ಮೊಳಗೆ ಆ ಸಂಬಳವನ್ನು ಒಪ್ಪಬಾರದೆಂದೇನೂ ಇಲ್ಲ. ಅವೆರಡೂ ಬೇರೆ ಲೆಕ್ಕಗಳು. ಭಾವನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು ಮೊದಲು ಬಿಗುಮಾನ ಮಾಡಿದರು, ಎರಡು ದಿನ ಬಿಟ್ಟು, "ಅವನು ದುಡಿದು ತಗೊಂಡಿದ್ದಾನೆ, ಆ ವರ್ಷದ್ದು ಹಾಗೇ ಇರಲಿ" ಎಂದರು. ಹಾಗಾಗಿ ಆ ವರ್ಷ 3 ಲಕ್ಷವನ್ನು ತಮ್ಮನ ಸಂಬಳವೆಂದೇ ಬಿಟ್ಟು, ತೆರಿಗೆ ಕಳೆದು ಉಳಿದ 7,32,000 ರೂಪಾಯಿಯನ್ನು ತಲಾ 2,44,000ದಂತೆ ಹಂಚಿಕೊಂಡೆವು. ಭಾವ ಅಂದು ಬಿಟ್ಟುಕೊಟ್ಟದ್ದು ಒಂದು ಲಕ್ಷ ರೂಪಾಯಿ. ಆಮೇಲಿನ ಮಾತುಕತೆ ಮುರಿಯದೆ ನಡೆದದ್ದು ಆ ಒಂದು ಲಕ್ಷದಿಂದಲೇ ಎಂದು ನಾನು ನಂಬಿದ್ದೇನೆ.

ಆದರೆ ಅದರ ಜೊತೆಗೆ ಅವರು ತಮ್ಮ ಮಾತನ್ನೂ ಮುಂದಿಟ್ಟರು. ದುಡಿಮೆಗೆ ಸಂಬಳ ಎನ್ನುವುದಾದರೆ ದುಡ್ಡಿಗೆ ಬಡ್ಡಿ ಬೇಡವೇ? ನನ್ನ 20 ಲಕ್ಷವೂ ತಮ್ಮನ 5 ಲಕ್ಷವೂ ಒಂದೇ ಪಾಲು ತರುವುದು ಯಾವ ನ್ಯಾಯ? ಕಾಯಿದೆಯಲ್ಲಿ ಶೇ. 6 ಬಡ್ಡಿ ಇದೆಯಂತೆ ಎಂದು ಅವರು ಎಲ್ಲೋ ಓದಿದ್ದರು. ಆಡಿಟರ್ ಅದನ್ನು ಸರಿಪಡಿಸಿದರು: ಆ ಶೇ. 6 ಇರುವುದು, ಒಪ್ಪಿಕೊಂಡ ಬಂಡವಾಳಕ್ಕಿಂತ ಮೇಲೆ ಪಾಲುದಾರನು ಸಂಸ್ಥೆಗೆ ಮುಂಗಡವಾಗಿ ಕೊಟ್ಟ ಹಣಕ್ಕೆ. ಬಂಡವಾಳಕ್ಕೆ ಬಡ್ಡಿ ಬೇಕಾದರೆ ಪತ್ರದಲ್ಲಿ ಬರೆಯಲೇಬೇಕು.

ಗೌರಿ ಹಬ್ಬಕ್ಕೆ ಭಾವ ಬಂದಾಗ ಮೂವರೂ ಹಜಾರದಲ್ಲಿ ಕುಳಿತು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿದೆವು. ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟು 15 ಲಕ್ಷ ಲಾಭವನ್ನೇ ಇಟ್ಟುಕೊಂಡೆವು. ಸಮಪಾಲಾದರೆ ತಲಾ 5 ಲಕ್ಷ. ಈಗ ಶೇ. 12ರಂತೆ ಬಡ್ಡಿ ಸೇರಿಸಿದೆವು. ತೆರಿಗೆ ಕಾನೂನು ಒಪ್ಪುವ ಗರಿಷ್ಠ ದರ ಅದೇ, ಅದೂ ಸರಳ ಬಡ್ಡಿ. ಭಾವನಿಗೆ 2,40,000, ನನಗೆ 1,20,000, ತಮ್ಮನಿಗೆ 60,000, ಒಟ್ಟು 4,20,000. ಉಳಿದ 10,80,000 ಮೂರು ಭಾಗವಾದರೆ ತಲಾ 3,60,000. ಎರಡೂ ಕೂಡಿಸಿದಾಗ ಭಾವನಿಗೆ 6 ಲಕ್ಷ, ನನಗೆ 4,80,000, ತಮ್ಮನಿಗೆ 4,20,000.

ನನಗೂ ಬಡ್ಡಿ ಬರುತ್ತದಲ್ಲ ಎಂದು ಒಳಗೊಳಗೇ ಸಂತೋಷಪಟ್ಟಿದ್ದ ನನಗೆ 20,000 ಕಡಿಮೆಯಾದದ್ದು ಕಂಡು ಆಶ್ಚರ್ಯವಾಯಿತು. ಕೂಡಿಸುವುದರಲ್ಲಿ ತಪ್ಪಾಗಿದೆ ಎಂದು ಮತ್ತೆ ಹಾಕಿದೆ. ತಪ್ಪಿರಲಿಲ್ಲ. ಬಡ್ಡಿಯ ಹಣ ಹೊರಗಿನಿಂದ ಬರುವುದಿಲ್ಲ, ನಮ್ಮದೇ ಲಾಭದಿಂದ ಮೊದಲು ತೆಗೆದಿಡುವುದು. ಒಟ್ಟು ಬಡ್ಡಿ 4,20,000ರಲ್ಲಿ ಮೂರನೇ ಒಂದು ಭಾಗ, ಅಂದರೆ 1,40,000, ನನ್ನ ಪಾಲಿನಿಂದಲೇ ಹೋಯಿತು. ತಿರುಗಿ ಬಂದದ್ದು 1,20,000. ಬಂಡವಾಳದಲ್ಲಿ ನಿಮ್ಮ ಭಾಗ ಲಾಭದಲ್ಲಿನ ನಿಮ್ಮ ಭಾಗಕ್ಕಿಂತ ಹೆಚ್ಚಿದ್ದರೆ ಮಾತ್ರ ಬಡ್ಡಿಯ ಕಲಮಿನಿಂದ ನಿಮಗೆ ಲಾಭ. ಎರಡೂ ಸಮವಾಗಿದ್ದರೆ ಶೇ. 12 ಬರೆದರೂ ಶೇ. 6 ಬರೆದರೂ ತೆರಿಗೆಯ ಮಾತು ಬಿಟ್ಟರೆ ಏನೂ ಬದಲಾಗುವುದಿಲ್ಲ. 35 ಲಕ್ಷದಲ್ಲಿ ನನ್ನದು 10 ಲಕ್ಷ, ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ. ಅದಕ್ಕೇ ನನಗೆ ಕೊಂಚ ನಷ್ಟ, ತಮ್ಮನಿಗೆ 80,000 ನಷ್ಟ. ಪತ್ರ ಬರೆಸುವವರು ಬಡ್ಡಿಯ ದರಕ್ಕಾಗಿ ಜಗ್ಗಾಡುವ ಮೊದಲು ಈ ಒಂದು ಕಳೆಯುವ ಲೆಕ್ಕ ಮಾಡಿಕೊಂಡರೆ ಅರ್ಧ ಮಾತು ಉಳಿಯುತ್ತದೆ.

ನಂತರ ಸಂಬಳ. ತಮ್ಮನಿಗೆ ತಿಂಗಳಿಗೆ 30,000, ಅರ್ಧ ಹೊತ್ತು ಕೆಲಸ ಮಾಡುವ ನನಗೆ 10,000 ಎಂದು ಇಟ್ಟೆವು. ವರ್ಷಕ್ಕೆ 3,60,000 ಮತ್ತು 1,20,000, ಒಟ್ಟು 4,80,000. ಬಡ್ಡಿ, ಸಂಬಳ ಎರಡೂ ಹೋದ ಮೇಲೆ ಹಂಚಲು ಉಳಿದದ್ದು 6 ಲಕ್ಷ, ತಲಾ 2 ಲಕ್ಷ. ಈಗ ತಮ್ಮನಿಗೆ ಒಟ್ಟು 6,20,000, ನನಗೆ 4,40,000, ಭಾವನಿಗೂ 4,40,000. ಬಡ್ಡಿ ಕೇಳಲು ಬಂದ ಭಾವನಿಗೆ ಮೊದಲಿನ 5 ಲಕ್ಷಕ್ಕಿಂತ 60,000 ಕಡಿಮೆ! ಅವರು ಕನ್ನಡಕ ತೆಗೆದು ಕಾಗದವನ್ನು ಹತ್ತಿರ ಹಿಡಿದು ನೋಡಿದರು. ಅಕ್ಕ ಒಳಗಿನಿಂದ ಊಟಕ್ಕೆ ಕರೆದದ್ದರಿಂದ ಅಂದಿನ ಮಾತು ಅಲ್ಲಿಗೇ ನಿಂತಿತು.

ಅಕ್ಟೋಬರ್‌ನಿಂದ ಜನವರಿಯವರೆಗೆ ನಮ್ಮ ಮಾತೆಲ್ಲ ಲಾಭ ಹಂಚಿಕೆಯ ಅನುಪಾತದ ಸುತ್ತಲೇ ನಡೆಯಿತು. ಭಾವ ಅರ್ಧ ಪಾಲು ಕೇಳಿದರು. ಕೊನೆಗೆ ಭಾವನಿಗೆ 40, ನನಗೆ 30, ತಮ್ಮನಿಗೆ 30 ಎಂದು ನಿಂತಿತು. 15 ಲಕ್ಷದ ವರ್ಷದಲ್ಲಿ ಇದರಿಂದ ಭಾವನಿಗೆ 4,80,000, ನನಗೆ 4,20,000, ತಮ್ಮನಿಗೆ 6 ಲಕ್ಷ. ಅನುಪಾತ ಬದಲಾದರೂ ಭಾವನಿಗೆ ಹೆಚ್ಚಿದ್ದು 40,000 ಅಷ್ಟೇ. ಏಕೆಂದರೆ ಅನುಪಾತ ಕೆಲಸ ಮಾಡುವುದು ಪೂರ್ತಿ 15 ಲಕ್ಷದ ಮೇಲಲ್ಲ, ಬಡ್ಡಿ ಮತ್ತು ಸಂಬಳ ತೆಗೆದ ಮೇಲೆ ಉಳಿದ 6 ಲಕ್ಷದ ಮೇಲೆ. ಅಲ್ಲಿ ಶೇ. 1 ಎಂದರೆ 6,000 ರೂಪಾಯಿ ಮಾತ್ರ. ಮೂರು ತಿಂಗಳು ಅನುಪಾತದ ಬಗ್ಗೆ ಮುನಿಸಿಕೊಂಡ ನಾವು, ಅದು ಯಾವ ಮೊತ್ತದ ಮೇಲೆ ಬೀಳುತ್ತದೆ ಎಂದು ಮೊದಲೇ ನೋಡಿಕೊಳ್ಳಲಿಲ್ಲ.

ಭಾವನ ಸಂಶಯ ಪೂರ್ತಿ ಹೋಗಿರಲಿಲ್ಲ. ಆಗ ಆಡಿಟರ್, "ಒಂದು ವರ್ಷದ ಲೆಕ್ಕ ನೋಡಿ ಪತ್ರ ಬರೆಸಬೇಡಿ, ಒಳ್ಳೆಯ ವರ್ಷಕ್ಕೊಮ್ಮೆ, ಕೆಟ್ಟ ವರ್ಷಕ್ಕೊಮ್ಮೆ ಹಾಕಿ ನೋಡಿ" ಎಂದರು. ಈ ಮಾತಿನಿಂದ ನಮಗಾದ ಉಪಕಾರ ದೊಡ್ಡದು. ಮಳೆ ಹೋಗಿ ಕೊಳವೆಬಾವಿಗಳ ಕೆಲಸ ಜೋರಾದ ವರ್ಷ 24 ಲಕ್ಷ ಲಾಭ ಬಂದಿತೆಂದುಕೊಳ್ಳಿ. ಬಡ್ಡಿ, ಸಂಬಳಗಳ 9 ಲಕ್ಷ ತೆಗೆದರೆ 15 ಲಕ್ಷ ಉಳಿಯುತ್ತದೆ. ಭಾವನಿಗೆ 8,40,000, ನನಗೆ 6,90,000, ತಮ್ಮನಿಗೆ 8,70,000. ಸಮಪಾಲಾಗಿದ್ದರೆ ಭಾವನಿಗೆ 8 ಲಕ್ಷ ಬರುತ್ತಿತ್ತು. ಅಂದರೆ ಒಳ್ಳೆಯ ವರ್ಷದಲ್ಲಿ ಹೊಸ ಪತ್ರದಿಂದ ಅವರಿಗೇ ಅನುಕೂಲ. ಎಲ್ಲಿಂದ ಅನುಕೂಲ ಶುರುವಾಗುತ್ತದೆ ಎಂದು ಹುಡುಕಿದಾಗ ಅದು 18 ಲಕ್ಷ ಎಂದು ಸಿಕ್ಕಿತು: ಆಗ ಹಳೆಯ ಪತ್ರದಲ್ಲೂ ಅವರಿಗೆ 6 ಲಕ್ಷ, ಹೊಸದರಲ್ಲೂ 6 ಲಕ್ಷ. ಲಾಭ 27 ಲಕ್ಷ ಮುಟ್ಟಿದರೆ ಅವರು ತಮ್ಮನಿಗೆ ಸರಿಸಮ, ಇಬ್ಬರಿಗೂ 9,60,000. ಸಂಬಳ ನಿಂತ ಮೊತ್ತ, ಪಾಲು ಬೆಳೆಯುವ ಮೊತ್ತ. ಇದು ಕಂಡ ಮೇಲೆ ಭಾವನ ಮುಖ ಸ್ವಲ್ಪ ಸಡಿಲವಾಯಿತು.

ಕೆಟ್ಟ ವರ್ಷದ ಲೆಕ್ಕ ಹಾಕಿದಾಗ ಮಾತ್ರ ಮೂವರೂ ಸುಮ್ಮನಾದೆವು. ಲಾಭ 6 ಲಕ್ಷಕ್ಕೆ ಇಳಿದರೆ, 9 ಲಕ್ಷದ ಬಡ್ಡಿ ಮತ್ತು ಸಂಬಳ ಕೊಡುವುದು ಎಲ್ಲಿಂದ? ಲಾಭ ಇರಲಿ ಬಿಡಲಿ ಕೊಟ್ಟೇ ತೀರಬೇಕು ಎಂದು ಬರೆದಿದ್ದರೆ 3 ಲಕ್ಷ ನಷ್ಟ ಎಂದಾಗಿ, ಅದನ್ನು 40, 30, 30ರಂತೆ ಹೊರಬೇಕು. ಆಗ ಭಾವನಿಗೆ ಬಡ್ಡಿ 2,40,000 ಬಂದು, ನಷ್ಟದ ಪಾಲು 1,20,000 ಹೋಗಿ, ಕೈಗೆ ಉಳಿಯುವುದು 1,20,000. ನನಗೆ 1,50,000. ತಮ್ಮನಿಗೆ 3,30,000. ಹೆಚ್ಚು ಬಂಡವಾಳ ಹಾಕಿದವರು ತಮ್ಮ ಹೆಚ್ಚಿನ ಅನುಪಾತದಿಂದಲೇ ಇನ್ನೊಬ್ಬರ ಸಂಬಳ ತುಂಬಿಕೊಟ್ಟಂತೆ ಆಗುತ್ತದೆ. ಅದರ ಬದಲು, ಇರುವ ಲಾಭ ಸಾಲದಿದ್ದರೆ ಬಡ್ಡಿ ಸಂಬಳಗಳೆರಡನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು ಎಂದು ಬರೆದರೆ, 9 ಲಕ್ಷಕ್ಕೆ 6 ಲಕ್ಷ, ಅಂದರೆ ಪ್ರತಿಯೊಬ್ಬರಿಗೂ ಬರಬೇಕಾದದ್ದರಲ್ಲಿ ಮೂರರಲ್ಲಿ ಎರಡು ಭಾಗ: ಭಾವನಿಗೆ 1,60,000, ನನಗೆ 1,60,000, ತಮ್ಮನಿಗೆ 2,80,000. ಯಾವುದೂ ಬರೆಯದೆ ಬಿಟ್ಟರೂ ಬಡ್ಡಿಯ ಮಟ್ಟಿಗೆ ಕಾಯಿದೆ, ಅದನ್ನು ಲಾಭದಿಂದ ಮಾತ್ರ ಕೊಡಬೇಕೆನ್ನುತ್ತದೆ. ಸಂಬಳದ ಬಗ್ಗೆ ಅಂಥ ಮಾತಿಲ್ಲ. ಹಾಗಾಗಿ ಜಗಳ ಹುಟ್ಟುವ ಜಾಗ ಅದೇ.

ತಮ್ಮನಿಗೆ ಇದನ್ನು ಒಪ್ಪುವುದು ಸುಲಭವಿರಲಿಲ್ಲ. ಅವನ ಮನೆ ನಡೆಯುವುದು ಆ ತಿಂಗಳ ಹಣದಿಂದ. ಅವನು ಒಂದು ವಾರ ಸಮಯ ಕೇಳಿ, ತಿಂಗಳು ತಿಂಗಳು 30,000 ತೆಗೆದುಕೊಳ್ಳಲು ಅಡ್ಡಿ ಇರಬಾರದು, ಮಾರ್ಚ್ ಕೊನೆಗೆ ಲಾಭ ಕಡಿಮೆ ಬಂದರೆ ಹೆಚ್ಚಾಗಿ ತೆಗೆದುಕೊಂಡದ್ದು ಮುಂದಿನ ವರ್ಷದ ತನ್ನ ಪಾಲಿನಲ್ಲಿ ಕಳೆಯಲಿ, ಆದರೆ ತಕ್ಷಣ ವಾಪಸ್ ಕೇಳಬಾರದು ಎಂದ. ಭಾವ ಕೂಡಲೇ ಒಪ್ಪಿದರು. ಅವರ ಒಪ್ಪಿಗೆಗೆ ಕಾರಣ ಆ ಇಳಿಸುವ ಕಲಮು.

ಈ ಮಧ್ಯೆ ತೆರಿಗೆಯನ್ನೂ ಸೇರಿಸಿ ನೋಡಿದೆವು. ಹಳೆಯ ಪತ್ರದಲ್ಲಿ 15 ಲಕ್ಷಕ್ಕೂ ಸಂಸ್ಥೆಯೇ ಶೇ. 31.2 ಕಟ್ಟಿ, ಉಳಿದ ಪಾಲಿಗೆ ಪಾಲುದಾರರು ಮತ್ತೆ ತೆರಿಗೆ ಕಟ್ಟಬೇಕಿರಲಿಲ್ಲ. ಹೊಸ ಪತ್ರದಲ್ಲಿ ಬಡ್ಡಿ ಸಂಬಳಗಳ 9 ಲಕ್ಷ ಸಂಸ್ಥೆಯ ಆದಾಯದಿಂದ ಕಳೆಯುತ್ತದೆ. ಅದು ಪಡೆದವರ ಸ್ವಂತ ಆದಾಯಕ್ಕೆ ಸೇರುತ್ತದೆ. ಸಂಸ್ಥೆ ಉಳಿದ 6 ಲಕ್ಷಕ್ಕೆ 1,87,200 ಕಟ್ಟಿ, 4,12,800 ಹಂಚುತ್ತದೆ. ತಮ್ಮನಿಗೆ ಸಂಬಳ ಬಡ್ಡಿ ಸೇರಿ 4,20,000, ಪಾಲು 1,23,840, ಒಟ್ಟು 5,43,840. ಅವನಿಗೆ ಬೇರೆ ಆದಾಯವಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಅವನು ಕೈಯಿಂದ ಕಟ್ಟುವುದು ಏನೂ ಇಲ್ಲ. ನನಗೂ ಹಾಗೆಯೇ, 3,63,840 ಕೈಗೆ ಬರುತ್ತದೆ. ಭಾವ ಕಂಪನಿಯ ಸಂಬಳದಿಂದ ಈಗಾಗಲೇ ಶೇ. 30ರ ಹಂತದಲ್ಲಿದ್ದಾರೆ. ಅವರಿಗೆ ಬರುವ ಬಡ್ಡಿಗೆ ಅವರೇ 74,880 ತೆರಿಗೆ ಕಟ್ಟಿದರೆ ಉಳಿಯುವುದು 3,30,240. ಹಳೆಯ ಪತ್ರವನ್ನು ಅಕ್ಷರಶಃ ಪಾಲಿಸಿದ್ದರೆ ಬರುತ್ತಿದ್ದುದು 3,44,000.

ಇದನ್ನು ನಾನು ಭಾವನಿಂದ ಮುಚ್ಚಿಡಲಿಲ್ಲ. ಸಂಸ್ಥೆಯ ದರವೂ ಅವರ ದರವೂ ಒಂದೇ ಆದ್ದರಿಂದ, ಹಣ ಬಡ್ಡಿಯಾಗಿ ಬಂದರೂ ಪಾಲಾಗಿ ಬಂದರೂ ಅವರಿಗೆ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. ಉಳಿತಾಯವೆಲ್ಲ ನನ್ನದು ಮತ್ತು ತಮ್ಮನದು. ಕಾಗದ ನೋಡಿದ ಅವರು, "18 ಲಕ್ಷ ದಾಟಿಸಿ, ಆಗ ನನಗೂ ಆಯ್ತಲ್ಲ" ಎಂದು ತಮ್ಮನ ಕಡೆ ನೋಡಿದರು. ನಮ್ಮಂತೆ ಒಬ್ಬ ಪಾಲುದಾರರು ನೌಕರಿಯಲ್ಲಿದ್ದರೆ, ಪ್ರತಿಯೊಬ್ಬರ ಸ್ವಂತ ತೆರಿಗೆಯನ್ನು ಕಳೆದ ಮೇಲೆ ಏನು ಉಳಿಯುತ್ತದೆ ಎಂದು ಹಾಕಿ ತೋರಿಸಿಯೇ ಸಹಿ ಮಾಡಿಸಿ. ಆಮೇಲೆ ಗೊತ್ತಾದರೆ ಮೋಸವಾಯಿತು ಎಂದೇ ಅನ್ನಿಸುತ್ತದೆ.

ಫೆಬ್ರವರಿಯಲ್ಲಿ ವಕೀಲರ ಬಳಿ ಹೋದೆವು. 2024ರ ಏಪ್ರಿಲ್‌ನಿಂದಲೇ ಜಾರಿ ಎಂದು ಬರೆಸಿದರೆ ಒಂದು ವರ್ಷದ ತೆರಿಗೆ ಉಳಿಯುತ್ತದಲ್ಲ ಎಂದು ನಾನು ಕೇಳಿದೆ. ಆಗುವುದಿಲ್ಲ. ಪತ್ರದ ದಿನಾಂಕಕ್ಕಿಂತ ಹಿಂದಿನ ಅವಧಿಯ ಸಂಬಳ ಬಡ್ಡಿಗಳನ್ನು 40(ಬಿ) ಒಪ್ಪುವುದಿಲ್ಲ. ಆ ವರ್ಷವೂ ನಮ್ಮ ಕೈ ಬಿಟ್ಟು ಹೋಯಿತು. ಜುಲೈನಲ್ಲೇ ಕುಳಿತು ಮುಗಿಸಿದ್ದರೆ ಆರೇಳು ತಿಂಗಳಿನದಾದರೂ ಸಿಗುತ್ತಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ.

ಎರಡು ವಾರ ಕಾದ ಮೇಲೆ ಬಂದ ಕರಡಿನಲ್ಲಿ, ದುಡಿಯುವ ಪಾಲುದಾರರಿಗೆ ಕಾಲಕಾಲಕ್ಕೆ ಪರಸ್ಪರ ಒಪ್ಪಿದಂತೆ ಸಂಬಳ ಕೊಡತಕ್ಕದ್ದು ಎಂದಿತ್ತು. ಓದಲು ಚೆನ್ನಾಗಿಯೇ ಇತ್ತು. ಆಡಿಟರ್ ಅದಕ್ಕೆ ಕೆಂಪು ಗೆರೆ ಎಳೆದರು. ನೇರ ತೆರಿಗೆಗಳ ಕೇಂದ್ರ ಮಂಡಳಿ 1996ರ ಮಾರ್ಚ್‌ನಲ್ಲಿ ಹೊರಡಿಸಿದ 739ನೇ ಸುತ್ತೋಲೆಯ ಪ್ರಕಾರ ಪತ್ರದಲ್ಲಿ ಸಂಬಳದ ಮೊತ್ತ ಇರಬೇಕು, ಇಲ್ಲವೇ ಮೊತ್ತವನ್ನು ಲೆಕ್ಕ ಹಾಕುವ ರೀತಿ ಇರಬೇಕು. ಮುಂದೆ ಒಪ್ಪಿಕೊಳ್ಳುತ್ತೇವೆ ಎಂಬ ಮಾತು ಸಾಲದು. ತಿದ್ದಿದ ಕಲಮು ಹೀಗಾಯಿತು: ಎರಡನೇ ಪಾಲುದಾರರಿಗೆ ತಿಂಗಳಿಗೆ 10,000, ಮೂರನೇ ಪಾಲುದಾರರಿಗೆ ತಿಂಗಳಿಗೆ 30,000 ರೂಪಾಯಿ ಸಂಬಳ, ಬಂಡವಾಳದ ಮೇಲೆ ವಾರ್ಷಿಕ ಶೇ. 12 ಸರಳ ಬಡ್ಡಿ. ಇವೆರಡನ್ನೂ ಕೊಡುವ ಮೊದಲಿನ ಲಾಭವು ಇವುಗಳ ಒಟ್ಟು ಮೊತ್ತಕ್ಕಿಂತ ಕಡಿಮೆಯಾದ ವರ್ಷದಲ್ಲಿ ಎರಡನ್ನೂ ಲಾಭಕ್ಕೆ ಸರಿಹೊಂದುವಂತೆ ಒಂದೇ ಪ್ರಮಾಣದಲ್ಲಿ ಇಳಿಸತಕ್ಕದ್ದು. ಉಳಿದ ಲಾಭವನ್ನೂ ಯಾವುದೇ ನಷ್ಟವನ್ನೂ 40, 30, 30ರಂತೆ ಹಂಚತಕ್ಕದ್ದು.

ಸಂಬಳಕ್ಕೆ ಮೇಲಿನ ಮಿತಿಯೂ ಇದೆ. ಬಡ್ಡಿ ಕಳೆದು, ಸಂಬಳ ಕಳೆಯುವ ಮೊದಲು ಉಳಿಯುವ ಲಾಭದ ಮೊದಲ 6 ಲಕ್ಷಕ್ಕೆ ಶೇ. 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು, ಅದರಾಚೆಗೆ ಶೇ. 60. ನಮ್ಮ 10,80,000ಕ್ಕೆ ಇದು 8,28,000 ಆಗುತ್ತದೆ, ಸಂಬಳ 4,80,000 ಆರಾಮವಾಗಿ ಒಳಗಿದೆ. 6 ಲಕ್ಷ ಲಾಭದ ಕೆಟ್ಟ ವರ್ಷದಲ್ಲಿ ಮಾತ್ರ ಇಳಿಸಿದ ಸಂಬಳವೂ 3,20,000 ಆಗಿ, 3 ಲಕ್ಷದ ಮಿತಿಯನ್ನು 20,000 ಮೀರುತ್ತದೆ; ಅಷ್ಟಕ್ಕೆ ಸಂಸ್ಥೆ ತೆರಿಗೆ ಕಟ್ಟಬೇಕು. ದುಡಿಯದ ಪಾಲುದಾರರಿಗೆ ಕೊಟ್ಟ ಸಂಬಳವನ್ನು ಕಳೆಯಲು ಬರುವುದಿಲ್ಲ, ಆದ್ದರಿಂದ ಭಾವನ ಹೆಸರಿನಲ್ಲಿ ಒಂದಿಷ್ಟು ಸಂಬಳ ಬರೆಯುವ ಯೋಚನೆಯನ್ನು ಆರಂಭದಲ್ಲೇ ಬಿಟ್ಟೆವು.

ಸಹಿಗೆ ಮೊದಲು ಇನ್ನೊಂದು ವಿಷಯ ಎದ್ದಿತು. ಮಗಳ ಕಾಲೇಜು ಶುಲ್ಕಕ್ಕೆ ಅಕ್ಟೋಬರ್ 1ಕ್ಕೆ 5 ಲಕ್ಷ ವಾಪಸ್ ಬೇಕಾಗಬಹುದು ಎಂದು ಭಾವ ಹೇಳಿದರು. ಬಡ್ಡಿ ವರ್ಷಾರಂಭದ ಬಂಡವಾಳಕ್ಕೋ, ಇದ್ದಷ್ಟು ದಿನಕ್ಕೋ? ಮೊದಲನೆಯದಾದರೆ 2,40,000, ಎರಡನೆಯದಾದರೆ ಆರು ತಿಂಗಳು 20 ಲಕ್ಷಕ್ಕೆ 1,20,000, ಆರು ತಿಂಗಳು 15 ಲಕ್ಷಕ್ಕೆ 90,000, ಒಟ್ಟು 2,10,000. ಇದ್ದಷ್ಟು ದಿನಕ್ಕೆ ಎಂದು ಬರೆಸಿದೆವು. ಜೊತೆಗೆ ಪ್ರತಿಯೊಬ್ಬರಿಗೂ ಬಂಡವಾಳ ಖಾತೆ ಬೇರೆ, ಚಾಲ್ತಿ ಖಾತೆ ಬೇರೆ ಇಡಬೇಕು, ಸಂಬಳ, ಬಡ್ಡಿ, ಪಾಲುಗಳೆಲ್ಲ ಚಾಲ್ತಿ ಖಾತೆಗೆ ಹೋಗಬೇಕು, ಅದಕ್ಕೆ ಬಡ್ಡಿ ಇಲ್ಲ ಎಂದೂ ಸೇರಿಸಿದೆವು. ಹೀಗೆ ಮಾಡದಿದ್ದರೆ ಹಣ ತೆಗೆಯದೆ ಬಿಡುವ ಭಾವನ ಬಂಡವಾಳ ವರ್ಷ ವರ್ಷ ಉಬ್ಬಿ, ಮನೆ ಖರ್ಚಿಗೆ ತೆಗೆಯುವ ತಮ್ಮನದು ಕರಗಿ, ಯಾರೂ ಒಂದು ಕಲಮನ್ನೂ ತಿದ್ದದೆ ಬಡ್ಡಿಯ ಹೊರೆ ತಾನಾಗಿ ಬದಲಾಗುತ್ತಾ ಹೋಗುತ್ತದೆ.

ಯುಗಾದಿ ಮಾರ್ಚ್ 30ಕ್ಕಿತ್ತು. ಹಬ್ಬಕ್ಕೆ ಬಂದ ಭಾವ, ನಾನು, ತಮ್ಮ, 29ರ ಶನಿವಾರ ಇಬ್ಬರು ಸಾಕ್ಷಿಗಳ ಮುಂದೆ ಇ-ಸ್ಟ್ಯಾಂಪ್ ಕಾಗದದ ಮೇಲೆ ಪ್ರತಿ ಪುಟಕ್ಕೂ ಸಹಿ ಹಾಕಿದೆವು. 2025ರ ಏಪ್ರಿಲ್ 1ರಿಂದ ಜಾರಿ. ವಕೀಲರಿಗೆ 7,000, ಆಡಿಟರ್‌ಗೆ 5,000 ಕೊಟ್ಟೆವು. ಮುದ್ರಾಂಕ ಶುಲ್ಕವನ್ನು ವಕೀಲರು ಆ ದಿನದ ದರ ನೋಡಿ ತಿಳಿಸಿದರು, ನೀವೂ ಹಾಗೆಯೇ ಕೇಳಿ ತಿಳಿದುಕೊಳ್ಳಿ. ಫರ್ಮುಗಳ ನೋಂದಣಾಧಿಕಾರಿಗೆ ಓಡಬೇಕೇ ಎಂದು ನಾನು ಹೆದರಿದ್ದೆ. ನೋಂದಣಿಯ ಹೇಳಿಕೆಯಲ್ಲಿ ಕಾಯಿದೆ ಕೇಳುವುದು ಸಂಸ್ಥೆಯ ಹೆಸರು, ಸ್ಥಳ, ಪಾಲುದಾರರ ಹೆಸರು ವಿಳಾಸ, ಸೇರಿದ ದಿನಾಂಕ, ಅವಧಿ ಇಷ್ಟನ್ನೇ. ಲಾಭದ ಅನುಪಾತ ಅದರಲ್ಲಿಲ್ಲ. ಪಾಲುದಾರರು ಅದೇ ಮೂವರಾದ್ದರಿಂದ ನಮಗೆ ಆ ಕೆಲಸ ಬೀಳಲಿಲ್ಲ. ಬ್ಯಾಂಕಿಗೆ ಒಂದು ಪ್ರತಿ ಕೊಟ್ಟೆವು, ರಿಟರ್ನ್ ಜೊತೆ ಬೇಕಾಗುವ ಮೂವರ ಸಹಿಯ ದೃಢೀಕೃತ ಪ್ರತಿಯನ್ನು ಆಡಿಟರ್ ಇಟ್ಟುಕೊಂಡರು.

ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಕೊನೆಯ ತೊಡಕು ಬಂತು. ಅದೇ ಏಪ್ರಿಲ್ 1ರಿಂದ ಪಾಲುದಾರರ ಸಂಬಳ ಮತ್ತು ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆಯೇ ಶೇ. 10 ಟಿಡಿಎಸ್ ಹಿಡಿಯಬೇಕೆಂಬ 194ಟಿ ಕಲಮು ಜಾರಿಗೆ ಬಂದಿತ್ತು. ಕೈಗೆ ಕೊಡದೆ ಖಾತೆಗೆ ಜಮಾ ಮಾಡಿದರೂ ಹಿಡಿಯಬೇಕು. ಹಾಗೆ ಹಿಡಿದ ತೆರಿಗೆ ಕಟ್ಟಲು ಬೇಕಾದ ಟ್ಯಾನ್ ಸಂಖ್ಯೆಯೇ ನಮ್ಮ ಸಂಸ್ಥೆಗೆ ಇರಲಿಲ್ಲ. ಏಪ್ರಿಲ್ ಮೊದಲ ವಾರ ಅರ್ಜಿ ಹಾಕಿ, ಸಂಖ್ಯೆ ಬರುವವರೆಗೆ ದಿನವೂ ಮೊಬೈಲ್ ನೋಡುತ್ತಾ ಕುಳಿತೆ. ತಿಂಗಳ ಕೊನೆಯೊಳಗೆ ಬಂತು. ಏಪ್ರಿಲ್ ಸಂಬಳದಲ್ಲಿ ತಮ್ಮನಿಂದ 3,000, ನನ್ನಿಂದ 1,000 ಹಿಡಿದು, ಮೇ 7ರ ಗಡುವಿಗೆ ಎರಡು ದಿನ ಮೊದಲು ಕಟ್ಟಿದೆ. ಕೈಗೆ 27,000 ಬಂದಾಗ ತಮ್ಮ ಒಂದು ಕ್ಷಣ ನನ್ನ ಮುಖ ನೋಡಿದ. ಆ 3,000 ಅವನ ಹೆಸರಿನಲ್ಲೇ ಸರ್ಕಾರದ ಬಳಿ ಇದೆ, ರಿಟರ್ನ್ ತುಂಬಿದರೆ ತಿರುಗಿ ಬರುತ್ತದೆ ಎಂದು ಚಲನ್ ತೋರಿಸಿದೆ. ಅವನು ಚಲನ್ನಿನ ಪ್ರತಿಯನ್ನು ಕೇಳಿ ಪಡೆದು, ಗಲ್ಲಾದ ಒಳಗೆ ಹೊಸ ಪತ್ರದ ನಕಲಿನ ಜೊತೆ ಮಡಿಸಿ ಇಟ್ಟುಕೊಂಡ.